ಒಂದು ಬಲ್ಬು, ಮೂರು ಲೆಕ್ಕ

ಒಂಬತ್ತು ವ್ಯಾಟ್‌ನ ಎಲ್‌ಇಡಿ ಬಲ್ಬು ಎಷ್ಟು ಕರೆಂಟ್ ಸೆಳೆಯುತ್ತದೆ? ವ್ಯಾಟನ್ನು ವೋಲ್ಟೇಜಿನಿಂದ ಭಾಗಿಸಿ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. 9ನ್ನು 230ರಿಂದ ಭಾಗಿಸಿದರೆ 39 ಮಿಲಿಆಂಪಿಯರ್. ಆದರೆ ಒಳಗೆ ಬರೀ ಬ್ರಿಡ್ಜ್ ರೆಕ್ಟಿಫೈಯರ್ ಮತ್ತು ಕೆಪಾಸಿಟರ್ ಇರುವ ಅಗ್ಗದ ಬಲ್ಬಿನ ಸಾಲಿನಲ್ಲಿ ಸಾಧಾರಣ ಮಲ್ಟಿಮೀಟರ್ ಸೇರಿಸಿದರೆ ಅದು ಸುಮಾರು 32 ತೋರಿಸೀತು. ‘ಟ್ರೂ ಆರ್‌ಎಂಎಸ್’ ಎಂದು ಬರೆದಿರುವ ದುಬಾರಿ ಮೀಟರ್ ಹಾಕಿದರೆ ಹತ್ತಿರಹತ್ತಿರ 90. ಬಲ್ಬು ಅದೇ, ಬೆಳಕೂ ಅಷ್ಟೇ. ನಂಬಬೇಕಾದದ್ದು ಮೂರನೆಯ ಅಂಕಿಯನ್ನು. ಏಕೆ ಎಂದು ತಿಳಿಯಲು ಬಲ್ಬಿನ ಬುಡದೊಳಗೆ ಇಣುಕಬೇಕು.

ಗೋಡೆಯಿಂದ ಬರುವ ವಿದ್ಯುತ್ತು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುವ ಅಲೆ. 230 ವೋಲ್ಟ್ ಎಂಬುದು ಅದರ ಪರಿಣಾಮದ ಲೆಕ್ಕ. ಅಲೆಯ ನೆತ್ತಿ 325 ವೋಲ್ಟ್ ಮುಟ್ಟುತ್ತದೆ. ಎಲ್‌ಇಡಿಗಳಿಗೆ ಬೇಕಾದದ್ದು ಒಂದೇ ದಿಕ್ಕಿನ ಕರೆಂಟ್. ಅದಕ್ಕಾಗಿ ನಾಲ್ಕು ಡಯೋಡುಗಳನ್ನು ಚೌಕದ ನಾಲ್ಕು ಬದಿಗಳಂತೆ ಜೋಡಿಸುತ್ತಾರೆ. ಅಲೆ ಮೇಲಿದ್ದಾಗ ಎದುರುಬದುರಿನ ಒಂದು ಜೋಡಿ ಡಯೋಡು ದಾರಿ ಬಿಡುತ್ತದೆ, ಕೆಳಗಿದ್ದಾಗ ಇನ್ನೊಂದು ಜೋಡಿ. ಹೀಗೆ ಕೆಳಗಿನ ಅರ್ಧವೂ ಮೇಲಕ್ಕೆ ಮಗುಚಿಕೊಂಡು, ಪ್ರತಿ 10 ಮಿಲಿಸೆಕೆಂಡಿಗೆ ಒಂದರಂತೆ ಗುಡ್ಡಗಳ ಸಾಲು ಹೊರಬರುತ್ತದೆ. ಗುಡ್ಡದ ನಡುವಿನ ಕಣಿವೆಯಲ್ಲಿ ವೋಲ್ಟೇಜ್ ಸೊನ್ನೆಗಿಳಿಯುವುದರಿಂದ ಬೆಳಕು ಸೆಕೆಂಡಿಗೆ 100 ಸಲ ಮಿಣುಕಬೇಕಾಗುತ್ತದೆ. ಹಾಗಾಗದಿರಲೆಂದೇ ಕಣಿವೆ ತುಂಬುವ ಕೆಪಾಸಿಟರ್.

ಎಡವಟ್ಟು ಶುರುವಾಗುವುದೂ ಅಲ್ಲೇ. ಡಯೋಡು ಒಮ್ಮುಖ ವಾಲ್ವ್. ಪುರಸಭೆಯ ನಲ್ಲಿಗೆ ನೇರ ಜೋಡಿಸಿದ ಮಾಳಿಗೆಯ ಟ್ಯಾಂಕನ್ನು ನೆನೆಯಿರಿ: ಬೀದಿ ಪೈಪಿನ ಒತ್ತಡ ಟ್ಯಾಂಕಿನ ನೀರಿನ ಮಟ್ಟವನ್ನು ಮೀರಿದಾಗ ಮಾತ್ರ ನೀರು ಏರುತ್ತದೆ, ಮನೆಯವರು ದಿನವಿಡೀ ಬಳಸುವುದು ಟ್ಯಾಂಕಿನದ್ದನ್ನೇ. ಇಲ್ಲಿಯೂ ಹಾಗೆಯೇ. ಅಲೆಯ ವೋಲ್ಟೇಜ್ ಕೆಪಾಸಿಟರಿನಲ್ಲಿ ಆಗಲೇ ತುಂಬಿರುವ ವೋಲ್ಟೇಜನ್ನು ಮೀರುವವರೆಗೆ ಡಯೋಡು ಬಾಯಿ ಬಿಡುವುದಿಲ್ಲ. ಅಷ್ಟು ಹೊತ್ತೂ ತಂತಿಯಲ್ಲಿ ಕರೆಂಟೇ ಇಲ್ಲ. ಬಲ್ಬು ಉರಿಯುತ್ತಿರುವುದು ಕೆಪಾಸಿಟರಿನ ದಾಸ್ತಾನಿನಿಂದ.

ಲೆಕ್ಕ ಹಾಕಿ ನೋಡೋಣ. ಕೆಪಾಸಿಟರ್ 10 ಮೈಕ್ರೊಫ್ಯಾರಡ್ ಇರಲಿ. ಅಲೆಯ ನೆತ್ತಿಯಲ್ಲಿ ಅದು 325 ವೋಲ್ಟಿಗೆ ತುಂಬುತ್ತದೆ. ಬಳಿಕ ಅಲೆ ಬೇಗ ಇಳಿಯುತ್ತದೆ, ಕೆಪಾಸಿಟರ್ ನಿಧಾನವಾಗಿ ಇಳಿಯುತ್ತದೆ, ಡಯೋಡು ಮುಚ್ಚಿಕೊಳ್ಳುತ್ತದೆ. ಮುಂದಿನ ಸುಮಾರು 8.7 ಮಿಲಿಸೆಕೆಂಡು ಬಲ್ಬಿಗೆ 9 ವ್ಯಾಟ್ ಕೊಡುತ್ತಾ ಕೆಪಾಸಿಟರ್ 300 ವೋಲ್ಟಿನ ತನಕ ಇಳಿಯುತ್ತದೆ. ಅಷ್ಟರಲ್ಲಿ ಮುಂದಿನ ಗುಡ್ಡ ಏರಿ ಬಂದು 300ನ್ನು ದಾಟುತ್ತದೆ. ಆಗ ಡಯೋಡು ತೆರೆದು, ನೆತ್ತಿ ಮುಟ್ಟುವವರೆಗಿನ 1.3 ಮಿಲಿಸೆಕೆಂಡಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಮರಳಿ ತುಂಬಿಸುತ್ತದೆ. ಒಂದು ಗುಡ್ಡದ ಪೂರ್ಣ ಅಗಲ 180 ಡಿಗ್ರಿ ಎಂದುಕೊಂಡರೆ ಡಯೋಡು ತೆರೆದಿದ್ದದ್ದು ಬರೀ 23 ಡಿಗ್ರಿ. ಇದೇ ವಹನ ಕೋನ.

ಹತ್ತು ಮಿಲಿಸೆಕೆಂಡಿಗೆ ಸಾಲಬೇಕಾದದ್ದನ್ನು ಒಂದೂಕಾಲರಲ್ಲಿ ಎಳೆದುಕೊಳ್ಳಬೇಕೆಂದರೆ ಕರೆಂಟ್ ಚಿಮ್ಮಲೇಬೇಕು. ಡಯೋಡು ತೆರೆದ ಕ್ಷಣದಲ್ಲಿ ಅಲೆ ಇನ್ನೂ ಚುರುಕಾಗಿ ಏರುತ್ತಿರುತ್ತದೆ. ಕೆಪಾಸಿಟರಿನ ಕರೆಂಟ್ ಆ ಏರಿಕೆಯ ವೇಗವನ್ನೇ ಅನುಸರಿಸುವುದರಿಂದ ಅದು ಒಮ್ಮೆಗೇ 0.42 ಆಂಪಿಯರ್‌ಗೆ ನೆಗೆದು, ನೆತ್ತಿಯ ಹತ್ತಿರ ಅಲೆ ಚಪ್ಪಟೆಯಾದಂತೆ ಇಳಿದು ನಿಲ್ಲುತ್ತದೆ. ಅದೇ ವ್ಯಾಟ್ ಸೆಳೆಯುವ ಹಳೆಯ ಫಿಲಮೆಂಟ್ ಬಲ್ಬಿನ ಕರೆಂಟ್ 0.055 ಆಂಪಿಯರ್ ದಾಟುತ್ತಿರಲಿಲ್ಲ. ಇದು ಸುಮಾರು ಎಂಟು ಪಟ್ಟು. ನಿಜದ ತಂತಿಗೂ ಬಲ್ಬಿನೊಳಗಿನ ಫ್ಯೂಸ್ ರೆಸಿಸ್ಟರಿಗೂ ಒಂದಿಷ್ಟು ತಡೆ ಇರುವುದರಿಂದ ಈ ಮೊನೆ ಸ್ವಲ್ಪ ಮೊಂಡಾಗುತ್ತದೆ, ಹೋಗುವುದಿಲ್ಲ.

ಕೆಪಾಸಿಟರ್ ದೊಡ್ಡದು ಹಾಕಿದರೆ ಸರಿಹೋಗುತ್ತದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದು ಉಲ್ಟಾ. 22 ಮೈಕ್ರೊಫ್ಯಾರಡ್ ಹಾಕಿದರೆ ವೋಲ್ಟೇಜ್ 313ರವರೆಗೆ ಮಾತ್ರ ಇಳಿಯುತ್ತದೆ, ಬೆಳಕು ಇನ್ನಷ್ಟು ಸ್ಥಿರ. ಆದರೆ ಮಟ್ಟ ಮೇಲಿದ್ದಷ್ಟೂ ಅಲೆ ಅದನ್ನು ಮೀರುವ ಅವಧಿ ಕಿರಿದಾಗುತ್ತದೆ. ವಹನ ಕೋನ 15 ಡಿಗ್ರಿಗೆ ಕುಗ್ಗಿ, ಮೊನೆ 0.6 ಆಂಪಿಯರ್ ದಾಟುತ್ತದೆ. ಒಳಗೆ ನಯವಾದಷ್ಟೂ ಹೊರಗೆ ಚೂಪು. ಬರೀ ಈ ಎರಡು ಭಾಗಗಳಿಂದ ಎರಡನ್ನೂ ಒಟ್ಟಿಗೆ ಪಡೆಯಲಾಗದು.

ಈಗ ಮೀಟರಿನ ಗೊಂದಲಕ್ಕೆ ಬರೋಣ. ತಂತಿ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಆದ್ದರಿಂದ ಚಿಕ್ಕ ಅವಧಿಯ ದೊಡ್ಡ ಮಿಡಿತ ಅದರ ಸರಾಸರಿ ಸೂಚಿಸುವುದಕ್ಕಿಂತ ಬಹಳ ಹೆಚ್ಚು ಕಾಯಿಸುತ್ತದೆ. ಈ ಕಾಯಿಸುವ ಲೆಕ್ಕವೇ ಆರ್‌ಎಂಎಸ್. ನಮ್ಮ ಬಲ್ಬಿಗೆ ಅದು 90 ಮಿಲಿಆಂಪಿಯರ್. ಸಾಧಾರಣ ಮೀಟರ್ ಸರಾಸರಿಯನ್ನು ಅಳೆದು 1.11ರಿಂದ ಗುಣಿಸಿ ತೋರಿಸುತ್ತದೆ. ನುಣುಪಾದ ಅಲೆಗೆ ಅದು ಸರಿ. ಇಲ್ಲಿ ಸರಾಸರಿ 29 ಮಾತ್ರ ಇರುವುದರಿಂದ 32 ಎಂದು ಹೇಳಿ ಸುಮ್ಮನಾಗುತ್ತದೆ. 230 ವೋಲ್ಟನ್ನು ನಿಜವಾದ ಕರೆಂಟಿನಿಂದ ಗುಣಿಸಿದರೆ 21 ವೋಲ್ಟ್-ಆಂಪಿಯರ್ ಬರುತ್ತದೆ, ಬಳಕೆಯಾಗುವುದು 9 ವ್ಯಾಟ್. ಪವರ್ ಫ್ಯಾಕ್ಟರ್ 0.43. ಮನೆಯ ಮೀಟರ್ ಎಣಿಸುವುದು ಆ 9 ವ್ಯಾಟನ್ನೇ, ಹಾಗಾಗಿ ಬಿಲ್ಲಿನಲ್ಲಿ ಇದು ಕಾಣುವುದಿಲ್ಲ. ಹೊರೆ ಹೊರುವುದು ತಂತಿ ಮತ್ತು ಟ್ರಾನ್ಸ್‌ಫಾರ್ಮರ್.

ಒಂದು ಬಲ್ಬಿನಿಂದ ಏನೂ ಆಗದು. ಮೂರು ಫೇಸಿನ ದೊಡ್ಡ ಕಟ್ಟಡದಲ್ಲಿ ಪ್ರತಿ ಫೇಸಿಗೆ ಇಂಥ ನೂರು ಬಲ್ಬು ಹಂಚಿದ್ದಾರೆ ಎನ್ನಿ. ಹಳೆಯ ಲೆಕ್ಕದಲ್ಲಿ ಮೂರೂ ಫೇಸಿನ ಹೊರೆ ಸಮವಿದ್ದರೆ ನ್ಯೂಟ್ರಲ್ ತಂತಿಯಲ್ಲಿ ಒಂದರ ಕರೆಂಟ್ ಇನ್ನೊಂದನ್ನು ಅಳಿಸಿಹಾಕಿ ಸೊನ್ನೆ ಉಳಿಯಬೇಕು. ಆದರೆ ಅಳಿಸಿಹೋಗಲು ಎರಡೂ ಒಂದೇ ಹೊತ್ತಿಗೆ ಹರಿಯಬೇಕಲ್ಲ? ಮೂರು ಫೇಸಿನ ನೆತ್ತಿಗಳು ಬರುವುದು 3.3 ಮಿಲಿಸೆಕೆಂಡಿನ ಅಂತರದಲ್ಲಿ, ಒಂದೊಂದು ಮಿಡಿತ ಇರುವುದು 1.3 ಮಿಲಿಸೆಕೆಂಡು. ಒಂದು ಮುಗಿದ ಮೇಲೆ ಇನ್ನೊಂದು ಬರುವುದರಿಂದ ಯಾವುದೂ ಅಳಿಯದೆ ಮೂರೂ ಫೇಸಿನ ಮಿಡಿತಗಳು ನ್ಯೂಟ್ರಲ್‌ನಲ್ಲಿ ಸಾಲುಗಟ್ಟಿ ಹರಿಯುತ್ತವೆ. ಒಂದು ಫೇಸ್ ತಂತಿಯ ಮೂರು ಪಟ್ಟು ಶಾಖ, 1.73 ಪಟ್ಟು ಕರೆಂಟ್. ಪ್ರತಿ ಫೇಸಿನಲ್ಲಿ 9 ಆಂಪಿಯರ್ ಇದ್ದರೆ ನ್ಯೂಟ್ರಲ್‌ನಲ್ಲಿ 15ರ ಮೇಲೆ. ನ್ಯೂಟ್ರಲ್‌ಗೆ ಸಾಮಾನ್ಯವಾಗಿ ಫ್ಯೂಸೂ ಇರುವುದಿಲ್ಲ. ಬೋರ್ಡಿನಲ್ಲಿ ನ್ಯೂಟ್ರಲ್ ತಂತಿಯ ತೊಗಲು ಕಂದಿದ್ದರೆ, ಅದರ ಸ್ಕ್ರೂ ಬಿಗಿಯಾಗಿದ್ದೂ ಕೈಗೆ ಬಿಸಿ ರಾಚುತ್ತಿದ್ದರೆ, ಅನುಮಾನ ಇಲ್ಲಿಂದ ಶುರುವಾಗಲಿ.

ಪರಿಹಾರ ಇಲ್ಲವೆಂದಲ್ಲ. ಕರೆಂಟನ್ನು ಅಲೆಯ ಆಕಾರಕ್ಕೇ ತಿದ್ದುವ ಪಿಎಫ್‌ಸಿ ಸರ್ಕ್ಯೂಟು ಒಳ್ಳೆಯ ಬಲ್ಬುಗಳಲ್ಲೂ ಕಂಪ್ಯೂಟರಿನ ಪವರ್ ಸಪ್ಲೈಗಳಲ್ಲೂ ಇರುತ್ತದೆ. ಡಬ್ಬಿಯ ಮೇಲೆ ಪವರ್ ಫ್ಯಾಕ್ಟರ್ 0.9ಕ್ಕಿಂತ ಹೆಚ್ಚು ಎಂದು ಅಚ್ಚಾಗಿದ್ದರೆ ಅದರ ಕೆಲಸವೆಂದು ತಿಳಿಯಬಹುದು. ಹತ್ತಿಪ್ಪತ್ತು ರೂಪಾಯಿ ಉಳಿಸಲು ನೂರಾರು ಬಲ್ಬು ಕೊಳ್ಳುವವರು ಆ ಅಂಕಿಯನ್ನೊಮ್ಮೆ ನೋಡಬೇಕು. ಹೊಸ ಕಟ್ಟಡಕ್ಕೆ ವೈರಿಂಗ್ ಮಾಡಿಸುವವರು, ನ್ಯೂಟ್ರಲ್‌ಗೆ ತೆಳು ತಂತಿ ಸಾಕು ಎನ್ನುವ ಮಾತಿಗೆ ಒಪ್ಪದಿರಿ. ಅಳತೆ ಮಾಡಲು ಬಂದವರ ಕೈಯಲ್ಲಿರುವುದು ಟ್ರೂ ಆರ್‌ಎಂಎಸ್ ಮೀಟರೇ ಎಂದು ಕೇಳಿ ನೋಡಿ.