ತೆರೆಯುವ ಮೊದಲೇ ವಾಟ್ಸಾಪ್ ಫೋಟೋ ಮಾಯವಾಗುವುದೇಕೆ?

ಫೋಟೋ ಬಂದಿದೆ ಎಂದು ನೋಟಿಫಿಕೇಶನ್ ತೋರಿಸುತ್ತದೆ, ವಾಟ್ಸಾಪ್ ತೆರೆದರೆ ಫೋಟೋ ಇರುವುದಿಲ್ಲ. ಫೋನ್ ಹ್ಯಾಕ್ ಆಗಿದೆ ಎಂದು ಗಾಬರಿಯಾಗುವವರಿದ್ದಾರೆ. ಆದರೆ ಇದಕ್ಕೆ ಸಾಮಾನ್ಯವಾಗಿ ಹ್ಯಾಕಿಂಗ್ ಕಾರಣವಲ್ಲ. ಫೋಟೋ ಇದ್ದ ಜಾಗದಲ್ಲಿ ಈಗ ಏನು ಕಾಣುತ್ತಿದೆ ಎಂದು ನೋಡಿದರೆ ಕಾರಣವನ್ನು ನಾವೇ ಗುರುತಿಸಬಹುದು.

ಮಸುಕಾದ ಚಿತ್ರ ಕಂಡರೆ: ಚಾಟ್‌ನಲ್ಲಿ ಮೊದಲು ಬರುವುದು ಪೂರ್ತಿ ಫೋಟೋ ಅಲ್ಲ, ಅದರ ಪುಟ್ಟ ಮಸುಕು ಪ್ರತಿ. ಅಸಲಿ ಫೋಟೋ ವಾಟ್ಸಾಪ್‌ನ ಸರ್ವರ್‌ನಲ್ಲಿ ಬೀಗ ಹಾಕಿದ ರೂಪದಲ್ಲಿ ತಾತ್ಕಾಲಿಕವಾಗಿ ಇರುತ್ತದೆ. ಆಟೋ ಡೌನ್‌ಲೋಡ್ ಆಫ್ ಆಗಿದ್ದರೆ ನಾವು ಒತ್ತುವವರೆಗೂ ಅದು ನಮ್ಮ ಫೋನಿಗೆ ಇಳಿಯುವುದಿಲ್ಲ. ತುಂಬಾ ದಿನ ಬಿಟ್ಟು ಒತ್ತಿದರೆ ಸರ್ವರ್‌ನಲ್ಲಿ ಫೋಟೋ ಅಳಿದುಹೋಗಿ, ಡೌನ್‌ಲೋಡ್ ವಿಫಲವಾಗಬಹುದು. ಆಗ ಕಳಿಸಿದವರಿಂದ ಮತ್ತೊಮ್ಮೆ ತರಿಸಿಕೊಳ್ಳುವುದೇ ದಾರಿ.

ಸಂದೇಶ ಅಳಿಸಲಾಗಿದೆ ಎಂಬ ಸಾಲು ಕಂಡರೆ: ಕಳಿಸಿದವರೇ ಅದನ್ನು ಎಲ್ಲರಿಗೂ ಅಳಿಸಿದ್ದಾರೆ. ಕಳಿಸಿದ ಮೇಲೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲ ಅವರಿಗೆ ಈ ಅವಕಾಶವಿರುತ್ತದೆ. ಗ್ರೂಪ್‌ನಲ್ಲಿ ಅಡ್ಮಿನ್ ಕೂಡ ಅಳಿಸಬಹುದು.

ಯಾವ ಗುರುತೂ ಇಲ್ಲದಿದ್ದರೆ: ಆ ಚಾಟ್‌ನಲ್ಲಿ ತಾನಾಗಿ ಮರೆಯಾಗುವ ಸಂದೇಶಗಳ ಸೆಟ್ಟಿಂಗ್ ಆನ್ ಆಗಿರಬಹುದು. ಜನ ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ. ಗಡುವು 24 ಗಂಟೆ, 7 ದಿನ ಅಥವಾ 90 ದಿನ ಇರಬಹುದು. ಇದನ್ನು ಸಂದೇಶ ಕಳಿಸಿದ ಹೊತ್ತಿನಿಂದ ಎಣಿಸಲಾಗುತ್ತದೆ, ನಾವು ಓದಿದ ಹೊತ್ತಿನಿಂದ ಅಲ್ಲ.

ಒಂದು ಉದಾಹರಣೆ ನೋಡೋಣ. 24 ಗಂಟೆಯ ಗಡುವಿರುವ ಚಾಟ್‌ನಲ್ಲಿ ಮಗಳು ಸೋಮವಾರ ಬೆಳಿಗ್ಗೆ 10ಕ್ಕೆ ಅಪ್ಪನಿಗೆ ರಕ್ತಪರೀಕ್ಷೆಯ ರಿಪೋರ್ಟಿನ ಫೋಟೋ ಕಳಿಸುತ್ತಾಳೆ. ಅಪ್ಪ ನೋಟಿಫಿಕೇಶನ್ ನೋಡಿ, ಆಮೇಲೆ ತೆರೆದರಾಯಿತು ಎಂದು ಸುಮ್ಮನಾಗುತ್ತಾರೆ. ಮಂಗಳವಾರ 11ಕ್ಕೆ ವಾಟ್ಸಾಪ್ ತೆರೆದರೆ ಚಾಟ್‌ನಲ್ಲಿ ಫೋಟೋ ಇಲ್ಲ. ನೋಟಿಫಿಕೇಶನ್ ಮಾತ್ರ ವಾಟ್ಸಾಪ್ ತೆರೆಯುವವರೆಗೂ ಉಳಿದಿರಬಹುದು. ಆಟೋ ಡೌನ್‌ಲೋಡ್ ಆನ್ ಇದ್ದಿದ್ದರೆ ಫೋಟೋ ಗ್ಯಾಲರಿಯಲ್ಲಿ ಸಿಗುವ ಸಾಧ್ಯತೆ ಇರುತ್ತದೆ, ಹಾಗಾಗಿ ಮೊದಲು ಅಲ್ಲಿ ಹುಡುಕಬೇಕು. ಸೆಟ್ಟಿಂಗ್ ಇದೆಯೇ ಎಂದು ತಿಳಿಯಲು ಚಾಟ್‌ನ ಮೇಲಿರುವ ಹೆಸರನ್ನು ಒತ್ತಿದರೆ ಸಾಕು, ಗಡುವು ಅಲ್ಲೇ ಕಾಣುತ್ತದೆ.

ಇನ್ನು, ಒಮ್ಮೆ ಮಾತ್ರ ನೋಡುವಂತೆ ಕಳಿಸಿದ ಫೋಟೋದ ಪಕ್ಕದಲ್ಲಿ 1 ಎಂಬ ಗುರುತು ಇರುತ್ತದೆ. ಅದನ್ನು 14 ದಿನದೊಳಗೆ ತೆರೆಯದಿದ್ದರೆ ಮತ್ತೆ ನೋಡಲು ಆಗುವುದಿಲ್ಲ.

ಅಳಿಸಿದ ಫೋಟೋ ಮರಳಿ ತರುತ್ತೇವೆ ಎನ್ನುವ ಆ್ಯಪ್‌ಗಳ ಲಿಂಕ್ ಬಂದರೆ ಇನ್‌ಸ್ಟಾಲ್ ಮಾಡಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ. ಫೋನಿಗೆ ಇಳಿಯದೆ ಸರ್ವರ್‌ನಿಂದಲೂ ಹೋದ ಫೋಟೋವನ್ನು ಇಂಥ ಆ್ಯಪ್ ತರಲಾರದು. ಆದರೆ ನೋಟಿಫಿಕೇಶನ್ ಓದುವ ಅನುಮತಿ ಕೊಟ್ಟರೆ ನಮ್ಮ ಬ್ಯಾಂಕ್ ಒಟಿಪಿಯನ್ನೂ ಅದು ಓದಬಲ್ಲದು.