ಬಿಸಿಯಾಗುವ ಹೊಸ ಮೊಬೈಲ್: ದೂರು ಪತ್ರ ಮತ್ತು ಮಾರಾಟಗಾರರ ಹೊಣೆ

ಅಂಕೋಲೆಯ ಗ್ರಾಹಕರೊಬ್ಬರು ಕಾರವಾರದ ಅಂಗಡಿಯಿಂದ ತಿಂಗಳ 5ನೇ ತಾರೀಖು ಮೊಬೈಲೊಂದನ್ನು ಖರೀದಿಸಿದರೆಂದು ಇಟ್ಟುಕೊಳ್ಳೋಣ. ಬೆಲೆ ರೂ. 13,500, ಶೇ. 18ರ ಜಿ.ಎಸ್.ಟಿ. ರೂ. 2,430, ಒಟ್ಟು ರೂ. 15,930. ವಾರದೊಳಗೆ ದೂರು ಬರುತ್ತದೆ: ಮೊಬೈಲ್ ಬಿಸಿಯಾಗುತ್ತದೆ, ಚಾರ್ಜ್ ನಿಲ್ಲುವುದಿಲ್ಲ. ಕರಾವಳಿಯ ಸೆಕೆ, ದುರ್ಬಲ ಸಿಗ್ನಲ್ ಅಥವಾ ಗ್ರಾಹಕರೇ ಹಾಕಿಕೊಂಡ ಆ್ಯಪ್‌ಗಳು ಕಾರಣವೆಂಬುದು ಅಂಗಡಿಯ ಸಾಮಾನ್ಯ ಉತ್ತರ. ಈ ಕಾರಣಗಳು ನಿಜವೂ ಇರಬಹುದು. ಹಳೆಯ ಮೊಬೈಲಿನ ಮಾಹಿತಿ ವರ್ಗಾವಣೆಯಾಗುವ ಮೊದಲ ಒಂದೆರಡು ದಿನ ಬ್ಯಾಟರಿ ಬೇಗ ಕರಗುವುದೂ ಸಹಜ. ಆದ್ದರಿಂದ ಇವುಗಳನ್ನು ಒಂದೊಂದಾಗಿ ನಿವಾರಿಸಿ ತೋರಿಸುವ ಪತ್ರಕ್ಕೆ ಮಾತ್ರ ಬೆಲೆಯುಂಟು.

ಅಂತಹ ಪತ್ರದಲ್ಲಿ ಬಿಲ್ಲಿನ ಸಂಖ್ಯೆ, ದಿನಾಂಕ ಹಾಗೂ *#06# ಒತ್ತಿದಾಗ ಕಾಣುವ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆ ಮೊದಲು ಬರಬೇಕು. ನಂತರ ದೋಷದ ವಿವರ ಹೀಗಿರಬಹುದು: “ಸಾಫ್ಟ್‌ವೇರ್ ನವೀಕರಿಸಿದ ಬಳಿಕ, 10ರಂದು ಬೆಳಿಗ್ಗೆ 7ಕ್ಕೆ ಪೂರ್ಣ ಚಾರ್ಜ್ ಮಾಡಿ, ಸಿಗ್ನಲ್ ಚೆನ್ನಾಗಿರುವ ಕೋಣೆಯಲ್ಲಿ ಬಳಸದೆ ಇಡಲಾಯಿತು. 11ಕ್ಕೆ ಶೇ. 46 ಮಾತ್ರ ಉಳಿದಿದ್ದು, ಹಿಂಬದಿ ಬಿಸಿಯಾಗಿತ್ತು. ಮರುದಿನ ಸೇಫ್ ಮೋಡ್‌ನಲ್ಲಿಯೂ ಅದೇ ಫಲ ಬಂದಿದೆ. ಚಾರ್ಜರ್ ಪೆಟ್ಟಿಗೆಯಲ್ಲಿ ಬಂದದ್ದೇ. ಬದಲಿ ಮೊಬೈಲ್ ನೀಡಬೇಕು. ತಪ್ಪಿದಲ್ಲಿ ಹಣ ಮರಳಿಸಬೇಕು.” ಸೇಫ್ ಮೋಡ್‌ನಲ್ಲಿ ಗ್ರಾಹಕರು ಹಾಕಿಕೊಂಡ ಆ್ಯಪ್‌ಗಳು ನಡೆಯುವುದಿಲ್ಲವಾದ್ದರಿಂದ ಆ ವಾದ ಅಲ್ಲಿಗೆ ಮುಗಿಯುತ್ತದೆ. ಪತ್ರವನ್ನು ಸ್ವೀಕೃತಿ ಪಡೆದು ಕೊಡುವುದು ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುವುದು ಕ್ಷೇಮ.

“ಸರ್ವಿಸ್ ಸೆಂಟರ್‌ಗೆ ಹೋಗಿ” ಎಂಬ ಬಾಯಿಮಾತಿನಿಂದ ಮಾರಾಟಗಾರರ ಹೊಣೆ ಕಳೆಯುವುದಿಲ್ಲ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯಲ್ಲಿ, ಅವಧಿ ತಿಳಿಸದಿದ್ದರೆ 30 ದಿನಗಳಲ್ಲಿ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ 2(47)ನೇ ಕಲಮಿನಂತೆ ಅನುಚಿತ ವ್ಯಾಪಾರ ಪದ್ಧತಿ. ದೋಷವಿದೆಯೆಂಬುದು ಮೊದಲು ಸಿದ್ಧವಾಗಬೇಕು. ಆದ್ದರಿಂದ ಮೊಬೈಲನ್ನು ರಸೀದಿ ನೀಡಿ ಪಡೆದು, ಸರ್ವಿಸ್ ಸೆಂಟರ್‌ನ ಲಿಖಿತ ವರದಿಯನ್ನು ಅಂಗಡಿಯವರೇ ತರಿಸುವುದು ಲೇಸು. ವಿವಾದ ಬೆಳೆದರೆ ಗ್ರಾಹಕರು 2 ವರ್ಷಗಳೊಳಗೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಇಷ್ಟು ಮೌಲ್ಯದ ದೂರಿಗೆ ಶುಲ್ಕವಿಲ್ಲ.

ಬದಲಿ ಕೊಟ್ಟರೆ ತೆರಿಗೆ ಎರಡು ಸಲ ತೆರಬೇಕೆಂಬ ಅಂಜಿಕೆ ಕೆಲವು ವರ್ತಕರಲ್ಲಿದೆ. 2023ರ ಜುಲೈ ಹಾಗೂ 2024ರ ಜೂನ್ ತಿಂಗಳ ಕೇಂದ್ರ ಮಂಡಳಿಯ ಸುತ್ತೋಲೆಗಳ ಪ್ರಕಾರ, ತಯಾರಕರ ಪರವಾಗಿ ವಾರಂಟಿಯಡಿ ಹಣ ಪಡೆಯದೆ ಬದಲಿ ಸರಕು ನೀಡಿ, ತಯಾರಕರಿಂದ ಅದನ್ನು ಮರುಭರ್ತಿ ಪಡೆದಾಗ ಹೊಸದಾಗಿ ಜಿ.ಎಸ್.ಟಿ. ಬರುವುದಿಲ್ಲ, ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗಿಯೂ ಇಲ್ಲ. ಹಣವನ್ನೇ ಮರಳಿಸಿದರೆ ರೂ. 15,930ಕ್ಕೆ ಕ್ರೆಡಿಟ್ ನೋಟ್ ನೀಡಿ, ಅದರಲ್ಲಿನ ರೂ. 2,430 ತೆರಿಗೆಯನ್ನು ರಿಟರ್ನ್‌ನಲ್ಲಿ ತಗ್ಗಿಸಿಕೊಳ್ಳಬಹುದು. ಮಾರಾಟವಾದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಇದಕ್ಕೆ ಹೊರಗಡುವು. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಕೆಯಾದರೆ ಅಂದಿಗೇ ಗಡುವು ಮುಗಿಯುತ್ತದೆ. ಗ್ರಾಹಕರ ಪತ್ರ, ಸರ್ವಿಸ್ ಸೆಂಟರ್‌ನ ವರದಿ ಮತ್ತು ಎರಡೂ ಮೊಬೈಲ್‌ಗಳ ಐ.ಎಂ.ಇ.ಐ. ಸಂಖ್ಯೆಗಳನ್ನು ಮೂಲ ಬಿಲ್ಲಿನೊಡನೆ ಲಗತ್ತಿಸಿಟ್ಟರೆ ಲೆಕ್ಕ ತಪಾಸಣೆಯಲ್ಲಿ ತೊಡಕಾಗದು.