ಮ್ಯೂಯಾನ್ ಕಂಡ ಬೆಟ್ಟದ ಎತ್ತರ

ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ. ಇವುಗಳ ಸರಾಸರಿ ಆಯುಸ್ಸು 2.2 ಮೈಕ್ರೊಸೆಕೆಂಡ್. ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಹೊತ್ತು ಕಳೆಯುವುದರೊಳಗೆ ನೂರರಲ್ಲಿ ಸುಮಾರು 37 ಮಾತ್ರ ಉಳಿದಿರುತ್ತವೆ. ಹೀಗಿರುವಾಗ ಅವು ನೆಲದವರೆಗೆ ಬರುವುದು ಹೇಗೆ?

ಡೇವಿಡ್ ಫ್ರಿಶ್ ಮತ್ತು ಜೇಮ್ಸ್ ಸ್ಮಿತ್ ಇದನ್ನು ಅಳೆದು ನೋಡಿ 1963ರಲ್ಲಿ ಪ್ರಕಟಿಸಿದರು. ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ತುದಿಯಲ್ಲಿ ಕಬ್ಬಿಣದ ದಪ್ಪ ರಾಶಿಯಡಿ ಪ್ಲಾಸ್ಟಿಕ್ಕಿನ ಪತ್ತೆಯಂತ್ರವನ್ನು ಇಟ್ಟರು. ಬೆಳಕಿನ ವೇಗದ ಶೇ. 99.5ರ ಆಸುಪಾಸಿನಲ್ಲಿ ಬಂದ ಮ್ಯೂಯಾನ್‌ಗಳು ಮಾತ್ರ ಕಬ್ಬಿಣ ದಾಟಿ ಪ್ಲಾಸ್ಟಿಕ್ಕಿನಲ್ಲಿ ನಿಲ್ಲುತ್ತಿದ್ದವು. ನಿಂತಾಗ ಒಂದು ಮಿಂಚು, ಕಣ ಒಡೆದಾಗ ಇನ್ನೊಂದು ಮಿಂಚು. ಹೀಗೆ ಗಂಟೆಗೆ ಸುಮಾರು 560 ಕಣಗಳು ಸಿಕ್ಕವು. ಬಳಿಕ ಅದೇ ಯಂತ್ರವನ್ನು 1,907 ಮೀಟರ್ ಕೆಳಗೆ, ಸಮುದ್ರಮಟ್ಟದಲ್ಲಿರುವ ಕೇಂಬ್ರಿಜ್‌ಗೆ ತಂದರು. ನಡುವಿನ ಗಾಳಿಯೂ ಕಣಗಳ ವೇಗ ತಗ್ಗಿಸುವುದರಿಂದ ಇಲ್ಲಿ ಕಬ್ಬಿಣವನ್ನು ಕಡಿಮೆ ಮಾಡಿದರು.

ಈಗ ಲೆಕ್ಕಕ್ಕೆ ಬರೋಣ. ಆ ವೇಗದಲ್ಲಿ 1,907 ಮೀಟರ್ ಇಳಿಯಲು ನಮ್ಮ ಗಡಿಯಾರದಲ್ಲಿ 6.4 ಮೈಕ್ರೊಸೆಕೆಂಡ್ ಬೇಕು. ಅದು ಸುಮಾರು 2.9 ಸರಾಸರಿ ಆಯುಸ್ಸುಗಳಿಗೆ ಸಮ. ಹಾಗಾದರೆ ಕೆಳಗೆ ಗಂಟೆಗೆ 31 ಕಣಗಳಷ್ಟೇ ಉಳಿದಿರಬೇಕಿತ್ತು. ಸಿಕ್ಕದ್ದು ಸುಮಾರು 410!

ಐನ್‌ಸ್ಟೈನ್‌ರ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಸೂತ್ರ ಹೀಗಿದೆ:

γ = 1/√(1 − v²/c²)

ಇಲ್ಲಿ v ಕಣದ ವೇಗ, c ಬೆಳಕಿನ ವೇಗ. ಶೇ. 99.5ರ ವೇಗಕ್ಕೆ γ ಬೆಲೆ 10. ನಮ್ಮ ದೃಷ್ಟಿಯಿಂದ ಓಡುವ ಮ್ಯೂಯಾನ್‌ನ ಗಡಿಯಾರ ಹತ್ತು ಪಟ್ಟು ನಿಧಾನ. ನಮಗೆ 6.4 ಮೈಕ್ರೊಸೆಕೆಂಡ್ ಕಳೆದರೆ ಅದಕ್ಕೆ ಕಳೆಯುವುದು 0.64 ಮಾತ್ರ. ಅಷ್ಟರಲ್ಲಿ 560ರಲ್ಲಿ ಸುಮಾರು 420 ಉಳಿಯಬೇಕು. ದಾರಿಯಲ್ಲಿ ವೇಗ ತುಸು ತಗ್ಗುವುದರಿಂದ ನಿಜವಾದ ಪಟ್ಟು ಹತ್ತಕ್ಕಿಂತ ಕೊಂಚ ಕಡಿಮೆ. ಪ್ರಯೋಗದಲ್ಲಿ ಬಂದದ್ದು ಸುಮಾರು 8.8.

ಆದರೆ ಮ್ಯೂಯಾನ್‌ನ ಜೊತೆಯಲ್ಲೇ ಸಾಗುವವನಿಗೆ ಅದರ ಗಡಿಯಾರ ನಿಧಾನವಾಗಿ ಕಾಣುವುದಿಲ್ಲ, ಆಯುಸ್ಸು ಅದೇ 2.2. ಅವನಿಗೆ ಓಡುತ್ತಿರುವುದು ಬೆಟ್ಟ. ಓಡುವ ವಸ್ತು ಓಟದ ದಿಕ್ಕಿನಲ್ಲಿ ಕುಗ್ಗುತ್ತದೆ, ಹಾಗಾಗಿ 1,907 ಮೀಟರ್ ಬೆಟ್ಟ ಅವನಿಗೆ 191 ಮೀಟರ್. ಅದು ಎದುರಿನಿಂದ ದಾಟಿಹೋಗಲು ಹಿಡಿಯುವ ಸಮಯವೂ 0.64 ಮೈಕ್ರೊಸೆಕೆಂಡೇ.

ಕಲಿಯುವವರು ಎಡವುವುದು ಇಲ್ಲೇ. ಕಾಲವನ್ನೂ ಹಿಗ್ಗಿಸಿ, ದೂರವನ್ನೂ ಕುಗ್ಗಿಸಿ ಎರಡು ಸಲ ಹತ್ತರಿಂದ ಭಾಗಿಸಿದರೆ ಕೆಳಗೆ ಗಂಟೆಗೆ ಸುಮಾರು 545 ಕಣಗಳು ಸಿಗಬೇಕಾಗುತ್ತದೆ. ಹಾಗೆ ಸಿಗಲಿಲ್ಲ. ನೆಲದಲ್ಲಿ ನಿಂತು ಲೆಕ್ಕ ಹಾಕುವುದಾದರೆ ಕಾಲ ಹಿಗ್ಗುವುದನ್ನು ಮಾತ್ರ ಬಳಸಿ, ಮ್ಯೂಯಾನ್ ಜೊತೆ ಹೊರಟರೆ ದೂರ ಕುಗ್ಗುವುದನ್ನು ಮಾತ್ರ ಬಳಸಿ.